"ಸಂಜೆ ಬರ್ತೀನಿ" ಅಂದವರು "6.30" ಅಂತ ಬರೆದು ಕಳಿಸಿದ್ದು

ನಾವಿರುವ ಕಟ್ಟಡದಲ್ಲಿ 12 ಮನೆಗಳಿವೆ. ನೀರು, ಕರೆಂಟು, ಲಿಫ್ಟು, ಎಲ್ಲರಿಗೂ ಸೇರಿದ್ದು ಏನು ಕೆಟ್ಟರೂ ಕೆಲಸದವರನ್ನು ಕರೆಸುವ ಹೊಣೆ ನಾಲ್ಕು ವರ್ಷದಿಂದ ನನ್ನದು. ಫೋನ್ ಮಾಡಿದರೆ ಹೆಚ್ಚಿನವರು ಹೇಳುವ ಮಾತು ಒಂದೇ: "ಆಯ್ತು ಮೇಡಂ, ಸಂಜೆ ಬರ್ತೀನಿ." ಈ ಮಾತನ್ನು ಒಂದು ಗಂಟೆ, ಒಂದು ನಿಮಿಷಕ್ಕೆ ತರುವುದು ಹೇಗೆ ಅನ್ನೋದನ್ನು ನಾನು ಒಂದು ವಾಲ್ವಿನ ಕೆಲಸದಲ್ಲಿ ಕಲಿತೆ.

ಟೆರೇಸ್ ಮೇಲಿನ ಟ್ಯಾಂಕಿನಿಂದ ಇಳಿಯುವ ದೊಡ್ಡ ಪೈಪಿನಲ್ಲಿ ಒಂದು ಗೇಟ್ ವಾಲ್ವ್ ಸೋರುತ್ತಿತ್ತು. ಅದನ್ನು ಬದಲಿಸಬೇಕಾದರೆ ಅದಕ್ಕಿಂತ ಮೇಲಿರುವ ವಾಲ್ವ್ ಮುಚ್ಚಬೇಕು. ಮುಚ್ಚಿದರೆ 12 ಮನೆಗೂ ನೀರಿಲ್ಲ. ಪ್ಲಂಬರ್ ಸಂಜೆ ಬರ್ತೀನಿ ಅಂದರು. ನಾನು 5 ಗಂಟೆಗೆ ನೀರು ನಿಲ್ಲುತ್ತೆ ಅಂತ ಎಲ್ಲರಿಗೂ ತಿಳಿಸಿ, 5ಕ್ಕೆ ವಾಲ್ವ್ ಮುಚ್ಚಿ ಕಾದೆ. ಅವರು ಬಂದಿದ್ದು 8.15ಕ್ಕೆ. "ಕತ್ತಲಲ್ಲಿ ಪೈಪ್ ಬಿಚ್ಚೋಕೆ ಆಗಲ್ಲ, ಇನ್ನೊಂದು ದಿನ ನೋಡೋಣ" ಅಂದು ಹೋದರು. ಮೂರು ಗಂಟೆಗಿಂತ ಜಾಸ್ತಿ ಹೊತ್ತು ಯಾರ ಮನೆಯಲ್ಲೂ ನಲ್ಲಿ ತಿರುಗಿಸುವ ಹಾಗಿರಲಿಲ್ಲ. ಮೂರನೇ ಮಹಡಿಯಲ್ಲಿ ಹಸುಗೂಸು ಇರುವ ಮನೆಯವರು ಎರಡು ಸಲ ಬಂದು ಕೇಳಿ ಹೋದರು. ನನಗೆ ತುಂಬಾ ಬೇಜಾರಾಯಿತು.

ಪ್ಲಂಬರ್ ಸುಳ್ಳು ಹೇಳಿರಲಿಲ್ಲ. "ಸಂಜೆ ಅಂದಿದ್ದೆ, ಬಂದಿದ್ದೀನಲ್ಲ ಮೇಡಂ" ಅಂತ ಅವರಿಗೆ ನಿಜವಾಗಿಯೂ ಅನ್ನಿಸಿತ್ತು. ನನ್ನ ಸಂಜೆ 5ಕ್ಕೆ ಶುರುವಾಗುತ್ತೆ. ಅವರ ಸಂಜೆ ಆ ದಿನ ಒಪ್ಪಿಕೊಂಡ ಕೆಲಸವೆಲ್ಲ ಮುಗಿದ ಮೇಲೆ ಶುರುವಾಗುತ್ತೆ. ಫೋನಿನಲ್ಲಿ ಮಾತಾಡುವಾಗ ಕೈಯಲ್ಲಿರುವ ಕೆಲಸ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅವರಿಗೇ ಗೊತ್ತಿರಲ್ಲ. ಅದಕ್ಕೇ ಟೈಮ್ ಬರಲ್ಲ, ಸಂಜೆ ಅನ್ನೋ ಮಾತು ಬರುತ್ತೆ. ಇದು ಅರ್ಥವಾದ ಮೇಲೆ ನಾನು ಕೇಳುವ ರೀತಿಯನ್ನೇ ಬದಲಿಸಿದೆ.

ಎರಡು ದಿನ ಬಿಟ್ಟು ಅವರಿಗೇ ಮತ್ತೆ ಫೋನ್ ಮಾಡಿದೆ. ಆಗ ಬೆಳಿಗ್ಗೆ 11.30. ಈ ಸಲವೂ "ಸಂಜೆ ಕಡೆ ಬರ್ತೀನಿ" ಅಂದರು. ನಾನು "ಎಷ್ಟು ಗಂಟೆಗೆ?" ಅಂತ ಒತ್ತಾಯ ಮಾಡಲಿಲ್ಲ. ಹಾಗೆ ಕೇಳಿದರೆ ಬಾಯಿಗೆ ಬಂದ ಒಂದು ಟೈಮ್ ಹೇಳಿ ಫೋನ್ ಇಡುತ್ತಾರೆ. ಅದರ ಬದಲು "ಈಗ ಎಲ್ಲಿ ಕೆಲಸ ನಡೀತಿದೆ ಅಣ್ಣ? ಅದು ಎಷ್ಟು ಹೊತ್ತಿಗೆ ಮುಗೀಬಹುದು?" ಅಂತ ಕೇಳಿದೆ. ಒಂದು ಮನೆಯಲ್ಲಿ ಬಾತ್‌ರೂಮ್ ಫಿಟ್ಟಿಂಗ್ ನಡೀತಿದೆ, ನಾಲ್ಕೂವರೆ ಐದಾಗುತ್ತೆ ಅಂದರು. ನನಗೆ ಬೇಕಾಗಿದ್ದು ಅಷ್ಟೇ. ಹತ್ತು ನಿಮಿಷದೊಳಗೆ ಈ ಮೆಸೇಜ್ ಕಳಿಸಿದೆ:

"ನಮಸ್ಕಾರ ಅಣ್ಣ, ಈಗ ಫೋನಲ್ಲಿ ಮಾತಾಡಿದ್ದು ನಾನೇ. ಟೆರೇಸ್ ಮೇಲಿನ ಗೇಟ್ ವಾಲ್ವ್ ಬದಲಿಸಬೇಕು, ಫೋಟೋ ಕಳಿಸಿದ್ದೀನಿ. ಇವತ್ತು 5.30ಕ್ಕೆ ಬರ್ತೀರಾ, 6ಕ್ಕೆ ಬರ್ತೀರಾ? 12 ಮನೆಗೂ ನೀರು ನಿಲ್ಲಿಸಬೇಕು, ಅದಕ್ಕೆ ಕೇಳ್ತಿದ್ದೀನಿ. ಟೈಮ್ ಅಷ್ಟೇ ಬರೆದರೆ ಸಾಕು. ಇವತ್ತು ಆಗದಿದ್ದರೆ ನಾಳೆ ಬೆಳಿಗ್ಗೆ 9ಕ್ಕೆ ಇಟ್ಟುಕೊಳ್ಳೋಣ."

ಬೇಗ ಕಳಿಸಿದ್ದಕ್ಕೆ ಕಾರಣ ಇದೆ. ಮಾತಾಡಿ ಹತ್ತು ನಿಮಿಷದೊಳಗೆ ಮೆಸೇಜ್ ಹೋದರೆ ಅದು ಆ ಮಾತಿನ ಮುಂದುವರಿಕೆ ಅನ್ನಿಸುತ್ತೆ. ಮಧ್ಯಾಹ್ನ ಮೂರಕ್ಕೆ ಕಳಿಸಿದರೆ "ಇನ್ನೂ ಬಂದಿಲ್ಲ ಅಂತ ಕೇಳ್ತಿದ್ದಾರೆ" ಅನ್ನಿಸುತ್ತೆ. ಅದೂ ಅಲ್ಲದೆ ಅಷ್ಟರಲ್ಲಿ ಇನ್ನಿಬ್ಬರು ಫೋನ್ ಮಾಡಿ ಅದೇ ಸಂಜೆಯನ್ನು ತಾವೂ ಕೇಳಿರುತ್ತಾರೆ.

ಎರಡು ಟೈಮ್ ಕೊಟ್ಟಿದ್ದು ಅವರ ಕೆಲಸ ಸುಲಭ ಆಗಲಿ ಅಂತ. ಕೈಯೆಲ್ಲ ಸಿಮೆಂಟ್ ಆಗಿರುವಾಗ ಯಾರೂ ಉದ್ದ ಉತ್ತರ ಬರೆಯಲ್ಲ. ಒಂದೇ ಅಂಕಿ ಒತ್ತಿದರೆ ಸಾಕು ಅನ್ನುವ ಹಾಗಿರಬೇಕು. ಆ ಎರಡು ಟೈಮನ್ನು ನನ್ನ ಅನುಕೂಲ ನೋಡಿ ಇಟ್ಟಿರಲಿಲ್ಲ, ಅವರು ಹೇಳಿದ ಐದರ ಲೆಕ್ಕ ಹಿಡಿದು ಇಟ್ಟಿದ್ದೆ. ಕೆಲಸ ಮುಗಿಯೋದು ಐದಕ್ಕೆ ಅಂದವರನ್ನು ಐದಕ್ಕೇ ಬನ್ನಿ ಅಂದರೆ ಅವರು ಹೂಂ ಅಂದರೂ ಬರೋಕೆ ಆಗಲ್ಲ, ಅಲ್ವಾ? ಸಾಮಾನು ಎತ್ತಿಡಬೇಕು, ಕೈಕಾಲು ತೊಳೆಯಬೇಕು, ದಾರಿ ಬೇರೆ ಇದೆ. ಅವರು ಹೇಳಿದ ಹೊತ್ತಿಗೆ ಅರ್ಧ ಗಂಟೆ ಸೇರಿಸಿ ಮೊದಲನೇ ಟೈಮ್ ಕೊಡುತ್ತೇನೆ.

ಫೋಟೋ ಬಗ್ಗೆ ಒಂದು ಮಾತು. ವಾಲ್ವಿನ ಮೈಮೇಲೆ ಅಳತೆ ಬರೆದಿರುತ್ತೆ. ಅದು ಓದುವ ಹಾಗೆ ಹತ್ತಿರದಿಂದ ಒಂದು, ಸುತ್ತಲಿನ ಪೈಪು ಕಾಣುವ ಹಾಗೆ ದೂರದಿಂದ ಒಂದು ಕಳಿಸಿದೆ. ಇಲ್ಲದಿದ್ದರೆ ಹೇಳಿದ ಟೈಮಿಗೆ ಬಂದರೂ "ಸಾಮಾನು ತರಬೇಕು" ಅಂತ ಮತ್ತೆ ಹೋಗುತ್ತಾರೆ. ನೀರು ಮಾತ್ರ ಅಲ್ಲೀವರೆಗೂ ನಿಂತೇ ಇರುತ್ತೆ.

1.10ಕ್ಕೆ ಉತ್ತರ ಬಂತು: "ಓಕೆ ಮೇಡಂ."

ಜಾಸ್ತಿ ಜನ ಇಲ್ಲೇ ನಿಲ್ಲಿಸಿಬಿಡ್ತಾರೆ. ಮೊದಲು ನಾನೂ ನಿಲ್ಲಿಸುತ್ತಿದ್ದೆ. ಆದರೆ ಇದರಲ್ಲಿ ಟೈಮ್ ಎಲ್ಲಿದೆ? ಐದೂವರೆಯೋ ಆರೋ ಅಂತ ಕೇಳಿದ್ದಕ್ಕೆ ಓಕೆ ಅನ್ನೋದು ಉತ್ತರ ಆಗಲ್ಲ. ಮೆಸೇಜ್ ನೋಡಿದೆ ಅಂತ ಮಾತ್ರ ಅದರ ಅರ್ಥ. ಹೆಬ್ಬೆರಳು ಎತ್ತಿದ ಇಮೋಜಿಯೂ ಹಾಗೇ. ಟೈಮಿನ ಅಂಕಿ ಅವರ ಕಡೆಯಿಂದ ಬರುವ ತನಕ ನಾನು ಯಾರ ಮನೆಗೂ ನೀರಿನ ವಿಷಯ ತಿಳಿಸಲ್ಲ. ಅವತ್ತು ತಕ್ಷಣ ಬರೆದೆ: "ಥ್ಯಾಂಕ್ಸ್ ಅಣ್ಣ. ಹಾಗಾದರೆ 6 ಗಂಟೆ ಅಂತ ಎಲ್ಲರಿಗೂ ಹೇಳ್ಲಾ?"

ಈ ಸಲ ಒಂದೇ ಟೈಮ್ ಇಟ್ಟಿದ್ದೆ, ಹಾಗಾಗಿ ಹೂಂ ಅಂದರೂ ಅದಕ್ಕೆ ಅರ್ಥ ಇರುತ್ತಿತ್ತು. "ಎಲ್ಲರಿಗೂ ಹೇಳ್ಲಾ" ಅನ್ನುವ ಮಾತೂ ಕೆಲಸ ಮಾಡಿತು. ತಾನು ಹೇಳಿದ್ದರ ಮೇಲೆ 12 ಮನೆ ಕಾಯುತ್ತೆ ಅಂತ ಗೊತ್ತಾದಾಗ ಮನುಷ್ಯ ಒಂದು ಸಲ ಯೋಚನೆ ಮಾಡುತ್ತಾನೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "6 ಆಗಲ್ಲ 6.30."

ನನಗೆ ಸಿಕ್ಕ ಅತಿ ಒಳ್ಳೆಯ ಉತ್ತರ ಅದು. ನಾನು ಕೊಟ್ಟ ಟೈಮನ್ನು ತಿದ್ದಿದ್ದಾರೆ ಅಂದರೆ ತಮ್ಮ ಇಡೀ ದಿನವನ್ನು ಮನಸ್ಸಲ್ಲಿ ಲೆಕ್ಕ ಹಾಕಿದ್ದಾರೆ ಅಂತ. ಸುಮ್ನೆ ಹೂಂ ಅಂದವರಿಗಿಂತ ಹೀಗೆ ತಿದ್ದಿದವರೇ ಹೇಳಿದ ಹೊತ್ತಿಗೆ ಬರುತ್ತಾರೆ, ಇದನ್ನು ಆಮೇಲೂ ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ನಾನು ಅರ್ಧ ಗಂಟೆಗಾಗಿ ಚೌಕಾಸಿ ಮಾಡಲ್ಲ. ಕೊನೆಯ ಮೆಸೇಜ್ ಹೀಗಿತ್ತು:

"ಸರಿ ಅಣ್ಣ, ಇವತ್ತು ಸಂಜೆ 6.30. ಟೆರೇಸಲ್ಲಿ ಲೈಟ್ ಹಾಕಿಸಿರ್ತೀನಿ. ಅಲ್ಲಿಂದ ಹೊರಡುವಾಗ ಒಂದು ಮಿಸ್ಡ್ ಕಾಲ್ ಕೊಡಿ, ಆಗ ನೀರು ನಿಲ್ಲಿಸ್ತೀನಿ."

ಹಿಂದಿನ ಸಲ ಕತ್ತಲು ಅಂತ ಕೆಲಸ ನಿಂತಿತ್ತು, ಅದಕ್ಕೆ ಲೈಟಿನ ಮಾತು. ಮಿಸ್ಡ್ ಕಾಲ್ ಕೇಳಿದ್ದು ಯಾಕೆಂದರೆ, ಟೈಮ್ ಖಚಿತವಾದ ಮೇಲೂ ಹಿಂದಿನ ಕೆಲಸ ಉದ್ದವಾಗಬಹುದು. ಮುಚ್ಚಿದರೆ ತೊಂದರೆಯಾಗುವಂಥದ್ದನ್ನು ಗಡಿಯಾರ ನೋಡಿ ಮುಚ್ಚುವುದಕ್ಕಿಂತ ಅವರು ಹೊರಟ ಸುದ್ದಿ ಬಂದ ಮೇಲೆ ಮುಚ್ಚುವುದು ಒಳ್ಳೆಯದು. 6.15ಕ್ಕೆ ಮಿಸ್ಡ್ ಕಾಲ್ ಬಂತು. ಮೇಲೆ ಹೋಗಿ ವಾಲ್ವ್ ಮುಚ್ಚಿದೆ. 6.40ಕ್ಕೆ ಬಂದರು, ಸರಿಯಾದ ಅಳತೆಯ ವಾಲ್ವ್ ಕೈಯಲ್ಲೇ ಇತ್ತು. 7.20ಕ್ಕೆ ನೀರು ಬಿಟ್ಟೆವು. ಮನೆಗಳಿಗೆ ನೀರು ನಿಂತಿದ್ದು ಸುಮಾರು ಒಂದು ಗಂಟೆ.

ಎಲ್ಲ ದಿನವೂ ಉತ್ತರ ಇಷ್ಟು ಬೇಗ ಬರಲ್ಲ. ಆಗ ವಾಟ್ಸಾಪಿನ ಟಿಕ್ ನೋಡುತ್ತೇನೆ. ಬೂದು ಬಣ್ಣದ ಒಂದೇ ಟಿಕ್ ಇದ್ದರೆ ಮೆಸೇಜ್ ಅವರ ಫೋನಿಗೆ ಇನ್ನೂ ತಲುಪಿಲ್ಲ. ಕೆಲಸದ ಹೊತ್ತಲ್ಲಿ ಎಷ್ಟೋ ಜನ ನೆಟ್ ಆಫ್ ಮಾಡಿರುತ್ತಾರೆ, ಹಾಗಾಗಿ ಅದನ್ನೇ ಮಾಮೂಲಿ ಎಸ್ಸೆಮ್ಮೆಸ್ ಆಗಿ ಕಳಿಸುತ್ತೇನೆ. ಎರಡು ಟಿಕ್ ನೀಲಿ ಆಗಿಯೂ ಉತ್ತರ ಇಲ್ಲದಿದ್ದರೆ ಬರಲ್ಲ ಅಂತ ಅಂದುಕೊಳ್ಳಲ್ಲ. ಅವರಿಗೆ ಇನ್ನೂ ಗೊತ್ತಿಲ್ಲ ಅಂತ ಅಂದುಕೊಳ್ಳುತ್ತೇನೆ. ಮೇಲಿಂದ ಮೇಲೆ ಪ್ರಶ್ನೆ ಚಿಹ್ನೆ ಕಳಿಸುವುದು ನನಗೆ ಸರಿ ಕಾಣಲ್ಲ. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ, ಎರಡೂವರೆ ಸುಮಾರಿಗೆ, ಒಂದು ಫೋನ್ ಮಾಡುತ್ತೇನೆ. "ಅಣ್ಣ, ಮೆಸೇಜ್ ಹಾಕಿದ್ದೆ. ಇವತ್ತು ಆಗುತ್ತಾ, ನಾಳೆ ಬೆಳಿಗ್ಗೆಗೆ ಇಟ್ಟುಕೊಳ್ಳೋಣ್ವಾ?" ನಾಳೆ ಅನ್ನುವ ದಾರಿಯನ್ನು ನಾನೇ ತೆರೆದಿಟ್ಟರೆ ಇವತ್ತು ಆಗಲ್ಲ ಅಂತ ಹೇಳುವುದು ಅವರಿಗೆ ಸುಲಭ. ಆಗಲ್ಲ ಅನ್ನುವ ಮಾತು ಎರಡೂವರೆಗೇ ಗೊತ್ತಾದರೆ ನನ್ನ ಸಂಜೆ ಉಳಿಯುತ್ತೆ.

ಫೋನಿನ ಮಾತನ್ನು ಕಿವಿಗೊಟ್ಟು ಕೇಳಿದರೂ ಸ್ವಲ್ಪ ಸುಳಿವು ಸಿಗುತ್ತೆ. "ಬರ್ತೀನಿ" ಅಂದರೆ ಬರುವ ಮನಸ್ಸಿದೆ. "ಬರೋಕೆ ನೋಡ್ತೀನಿ" ಅಂದರೆ ಬೇರೆ ಕಡೆಗೂ ಮಾತು ಕೊಟ್ಟಾಗಿದೆ. "ನೋಡೋಣ" ಅಂದರೆ ನಾನು ಸಂಜೆಯ ಟೈಮ್ ಕೇಳುವುದೇ ಇಲ್ಲ, ನೇರವಾಗಿ ಮಾರನೇ ದಿನದ ಎರಡು ಟೈಮ್ ಕಳಿಸುತ್ತೇನೆ. ಪೈಪ್ ಒಡೆದು ನೀರು ನುಗ್ಗುವಂಥ ದಿನ ಈ ಮೆಸೇಜೆಲ್ಲ ಕೆಲಸಕ್ಕೆ ಬರಲ್ಲ. ಆಗ ಯಾರು ಈಗಲೇ ಬರ್ತಾರೋ ಅವರಿಗೆ ಫೋನ್ ಮಾಡುವುದಷ್ಟೇ.

ಯಾರಾದರೂ ತಡವಾಗಿ ಬಂದಾಗ ಹಳೆಯ ಮೆಸೇಜ್ ತೋರಿಸಿ ಕೇಳಿ ಅಂತ ಒಬ್ಬ ನೆರೆಯವರು ಹೇಳಿದ್ದರು. ನಾನು ಒಪ್ಪಲಿಲ್ಲ. ಒಂದು ಸಲ ಹಾಗೆ ತೋರಿಸಿದರೆ ಆ ವ್ಯಕ್ತಿ ಮುಂದೆ ಯಾವತ್ತೂ ಟೈಮ್ ಬರೆದು ಕಳಿಸಲ್ಲ, ಮತ್ತೆ ಸಂಜೆ ಅನ್ನುವ ಮಾತಿಗೇ ವಾಪಸ್ ಹೋಗುತ್ತಾರೆ.

ನಮಗೆ ಬರುವ ಎಲೆಕ್ಟ್ರಿಷಿಯನ್ ಒಬ್ಬರಿಗೆ ಓದಿ ಬರೆಯುವುದು ಕಷ್ಟ. ಅವರಿಗೆ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಹದಿನೈದು ಸೆಕೆಂಡಿಗಿಂತ ಉದ್ದ ಮಾಡಲ್ಲ, ಟೈಮನ್ನು ಮೊದಲೇ ಹೇಳುತ್ತೇನೆ: "ಆರು ಗಂಟೆಗಾ, ಏಳು ಗಂಟೆಗಾ ಅಣ್ಣ?" ಅವರೂ ದನಿಯಲ್ಲೇ ಉತ್ತರ ಕೊಡುತ್ತಾರೆ. ಅದನ್ನು ಕೇಳಿ, ಅವರು ಹೇಳಿದ ಟೈಮನ್ನು ಇನ್ನೊಂದು ಸಲ ನನ್ನ ಬಾಯಲ್ಲಿ ಹೇಳಿ ಕಳಿಸುತ್ತೇನೆ. ಏಳು ಅಂದಿದ್ದು ನನಗೆ ಏಳೂವರೆ ಅಂತ ಕೇಳಿಸಿದ್ದರೆ, ಅವರು ಅಲ್ಲೇ ತಿದ್ದುತ್ತಾರೆ.