ಸ್ಕೇಲು, ಹುರಿ, ಎರಡು ಕುರ್ಚಿ: ಓಟ ನೋಡಲು ಬಂದವರಿಗೆ ನಿಯಮ ಹೇಳಿಕೊಟ್ಟ ನನ್ನ ಅನುಭವ

ಹತ್ತು ಹನ್ನೆರಡು ಅಥ್ಲೆಟಿಕ್ಸ್ ಕೂಟಗಳಲ್ಲಿ ನಾನು ಮೈಕ್ ಹಿಡಿದಿದ್ದೇನೆ. ಮೊದಲ ಸಲ ಬಂದವರು ಕೇಳುವ ಪ್ರಶ್ನೆ ಮೂರೇ. ಅವನು ಓಡಲೇ ಇಲ್ಲ, ಹೊರಗೆ ಯಾಕೆ ಕಳಿಸಿದರು? ಹೊರಗಿನ ಲೇನಿನವನು ಅಷ್ಟು ಮುಂದೆ ನಿಂತಿದ್ದಾನೆ, ಇದು ಮೋಸ ಅಲ್ವಾ? ಅಲ್ಲಿ ಮೂರನೆಯವನು ಮನೆಗೆ ಹೋದ, ಇಲ್ಲಿ ನಾಲ್ಕನೆಯವನು ಫೈನಲ್‌ಗೆ ಬಂದ, ಹೇಗೆ?

ಮೊದಲು ನಾನು ನಾಲ್ಕು ಪುಟದ ಕೈಪಿಡಿ ಮಾಡಿಸಿದೆ. ಪ್ರೇಕ್ಷಕರ ವ್ಯವಸ್ಥೆಗೆ ಅಂತ ಕೊಟ್ಟಿದ್ದ ಹಣದಲ್ಲಿ ಮುಕ್ಕಾಲು ಪಾಲು ಮುದ್ರಣಕ್ಕೇ ಹೋಯಿತು. ಬಿಸಿಲು ಏರುತ್ತಿದ್ದ ಹಾಗೆ ಎಲ್ಲರ ತಲೆ ಮೇಲೂ ಅದೇ ಕೈಪಿಡಿ. ಓದಿದವರು ನನಗೆ ಕಾಣಲಿಲ್ಲ. ಮುಂದಿನ ಕೂಟದಲ್ಲಿ ಮೈಕಿನಲ್ಲೇ ವಿವರಿಸಲು ಹೋದೆ. ಅದು ಇನ್ನೂ ಕೆಟ್ಟಿತು. ಸ್ಟಾರ್ಟರ್ ‘ಸೆಟ್’ ಅನ್ನುವ ಹೊತ್ತಿಗೆ ಮೈದಾನ ಪೂರ್ತಿ ಸುಮ್ಮನಿರಬೇಕು. ನನ್ನ ಮಾತು ಒಂದೆರಡು ಸೆಕೆಂಡ್ ಜಾಸ್ತಿ ಎಳೆಯಿತು, ಎಂಟೂ ಜನರನ್ನು ಎಬ್ಬಿಸಿ ನಿಲ್ಲಿಸಬೇಕಾಯಿತು. ಆ ದಿನ ಸ್ಟಾರ್ಟರ್ ನೋಡಿದ ನೋಟ ಇನ್ನೂ ನೆನಪಿದೆ.

ಆಮೇಲೆ ನನಗೆ ಹೊಳೆದಿದ್ದು ಇಷ್ಟು. ನಿಯಮ ಹೇಳಬಾರದು. ಓಟ ಶುರುವಾಗುವುದಕ್ಕೆ ಒಂದು ಗಂಟೆ ಮುಂಚೆ ಬಂದವರ ಕೈಯಲ್ಲೇ ಅದನ್ನು ಮಾಡಿಸಬೇಕು. ಜೊತೆಗಿದ್ದವರು ‘ಇದೇನು ಮಕ್ಕಳ ಆಟ’ ಅಂದರು. ಖರ್ಚು ಮಾತ್ರ ಕೈಪಿಡಿಗೆ ಆಗಿದ್ದರ ಹತ್ತನೇ ಒಂದು ಭಾಗವೂ ಇರಲಿಲ್ಲ.

ಫಾಲ್ಸ್ ಸ್ಟಾರ್ಟ್ ಅಂದರೆ ಗುಂಡಿನ ಶಬ್ದಕ್ಕೆ ಕಾಯದೆ ಹೊರಡುವುದು. ಅದನ್ನು ತೋರಿಸಲು ಬೇಕಾಗಿದ್ದು ಮೂವತ್ತು ಸೆಂಟಿಮೀಟರಿನ ಒಂದು ಸ್ಕೇಲು. ನಾನು ಮೇಲಿನ ತುದಿ ಹಿಡಿದುಕೊಳ್ಳುತ್ತೇನೆ. ಅವರು ಕೆಳಗಿನ ಸೊನ್ನೆಯ ಹತ್ತಿರ ಎರಡು ಬೆರಳು ತೆರೆದು ಕಾಯುತ್ತಾರೆ. ಹೇಳದೆ ಕೇಳದೆ ಬಿಡುತ್ತೇನೆ, ಅವರು ಹಿಡಿಯಬೇಕು. ಹೆಚ್ಚಿನವರು ಹದಿನೈದರಿಂದ ಇಪ್ಪತ್ತೈದರೊಳಗೆ ಹಿಡಿಯುತ್ತಾರೆ. ಸ್ಕೇಲು ಐದು ಸೆಂಟಿಮೀಟರ್ ಬೀಳಲು ಸುಮಾರು 0.1 ಸೆಕೆಂಡ್ ಬೇಕು. ಸ್ಕೇಲಿನ ಮೇಲೆ ಅಲ್ಲಿ ಕೆಂಪು ಗೆರೆ ಎಳೆದಿಟ್ಟಿದ್ದೇನೆ. ಯಾರಾದರೂ ಆ ಗೆರೆಗಿಂತ ಕೆಳಗೇ ಹಿಡಿದರೆ ‘ನೀವು ನೋಡಿ ಹಿಡಿದಿದ್ದಲ್ಲ, ಊಹೆ ಮಾಡಿ ಹಿಡಿದಿದ್ದು’ ಅನ್ನುತ್ತೇನೆ. ಎರಡನೇ ಸಲ ಅವರಿಂದ ಆಗುವುದೇ ಇಲ್ಲ. ಆಮೇಲೆ ಹೇಳುವುದು ಒಂದೇ ಮಾತು: ಗುಂಡಿನ ಶಬ್ದವಾಗಿ 0.100 ಸೆಕೆಂಡ್ ಆಗುವ ಮೊದಲೇ ಓಟಗಾರ ತಾನು ಕಾಲು ಆನಿಸಿಕೊಂಡ ಬ್ಲಾಕನ್ನು ತಳ್ಳಿದರೆ, ಅವನು ಶಬ್ದ ಕೇಳಿ ಹೊರಟಿಲ್ಲ ಅಂತ ಲೆಕ್ಕ. 2022ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 110 ಮೀಟರ್ ಹರ್ಡಲ್ಸ್ ಫೈನಲ್‌ನಿಂದ ಡೆವನ್ ಅಲೆನ್ ಹೊರಗೆ ಹೋಗಿದ್ದು 0.099ಕ್ಕೆ. ಸ್ಕೇಲು ಹಿಡಿದವರಿಗೆ ಆ ಒಂದು ಸಾವಿರದ ಒಂದು ಭಾಗದ ನೋವು ತಕ್ಷಣ ತಟ್ಟುತ್ತದೆ.

ಒಂದೇ ತಪ್ಪಿಗೆ ಹೊರಗೆ ಹಾಕುವುದು 2010ರಿಂದ. ಮರುವರ್ಷವೇ ಬೋಲ್ಟ್ 100 ಮೀಟರ್ ಫೈನಲ್‌ನಲ್ಲಿ ಹೀಗೆ ಹೋದರು, ಅದನ್ನು ನೆನಪಿಟ್ಟವರು ಗುಂಪಿನಲ್ಲಿ ಒಬ್ಬರಾದರೂ ಸಿಗುತ್ತಾರೆ. ನಮ್ಮ ಕೂಟಗಳಲ್ಲಿ ಬ್ಲಾಕಿಗೆ ಯಂತ್ರ ಇರುವುದಿಲ್ಲ. ಸ್ಟಾರ್ಟರ್ ಕಣ್ಣಲ್ಲೇ ನೋಡುತ್ತಾರೆ. ಅದಕ್ಕೆ ಪ್ರೇಕ್ಷಕರಿಗೆ ‘ಕೈ ನೆಲ ಬಿಟ್ಟಿತಾ, ಕಾಲು ಬ್ಲಾಕ್ ಬಿಟ್ಟಿತಾ, ಅಷ್ಟೇ ನೋಡಿ’ ಅನ್ನುತ್ತೇನೆ. ಮೈ ಸ್ವಲ್ಪ ಅಲುಗಾಡಿದರೆ ಫಾಲ್ಸ್ ಸ್ಟಾರ್ಟ್ ಅಲ್ಲ. ಎಚ್ಚರಿಕೆ ಸಿಗಬಹುದು. ಯಾರ ತಪ್ಪೂ ಇಲ್ಲದಿದ್ದರೆ ಹಸಿರು ಕಾರ್ಡ್ ತೋರಿಸುತ್ತಾರೆ. ಕೆಂಪು ಕಪ್ಪು ಕಾರ್ಡ್ ಬಂತೋ, ಅವನ ಓಟ ಮುಗಿಯಿತು.

ಇಲ್ಲಿ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಐವತ್ತು ಮೀಟರ್ ದೂರದಲ್ಲಿ ಒಬ್ಬನನ್ನು ನಿಲ್ಲಿಸಿ ಎರಡು ಹಲಗೆ ಬಡಿಸಿದೆ. ಹಲಗೆ ಕೂಡಿದ್ದು ಮೊದಲು ಕಾಣುತ್ತದೆ, ಶಬ್ದ ಆಮೇಲೆ ಬರುತ್ತದೆ. ಅಷ್ಟು ದೂರಕ್ಕೆ ಶಬ್ದ ಸುಮಾರು 0.15 ಸೆಕೆಂಡ್ ತೆಗೆದುಕೊಳ್ಳುತ್ತದೆ. 400 ಮೀಟರಿನಲ್ಲಿ ಒಂದನೇ ಲೇನಿಗೂ ಎಂಟನೇ ಲೇನಿಗೂ ಮಧ್ಯೆ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ, ಐವತ್ತಮೂರು ಮೀಟರ್. ದೊಡ್ಡ ಕೂಟಗಳಲ್ಲಿ ಪ್ರತಿ ಓಟಗಾರನ ಹಿಂದೆಯೂ ಪುಟ್ಟ ಸ್ಪೀಕರ್ ಯಾಕೆ ಇಡುತ್ತಾರೆ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಲೇನಿಗೆ ಹುರಿ. 200 ಮೀಟರ್ ಓಟದ ತಿರುವು ಮುಗಿಯುವ ಕಡೆ ಒಂದು ತುದಿ ಕಟ್ಟಿ, ಒಂದನೇ ಲೇನಿನ ಒಳಗೆರೆಯ ಮೇಲೆ ಹಿಂದಕ್ಕೆ ಹಾಸುತ್ತಾ ಓಟ ಶುರುವಾಗುವ ಗುರುತಿನವರೆಗೆ ಬರುತ್ತೇನೆ. ನೂರ ಹದಿನೈದು ಮೀಟರ್ ಹತ್ತಿರ ಹುರಿ ಬೇಕು. ಅಲ್ಲಿಗೆ ಕತ್ತರಿಸಿ, ಅದೇ ಹುರಿಯನ್ನು ನಾಲ್ಕನೇ ಲೇನಿನ ಎಡಗೆರೆಯ ಮೇಲೆ ಹಾಸಿಸುತ್ತೇನೆ. ಹನ್ನೊಂದು ಮೀಟರ್ ಚಿಲ್ಲರೆ ಸಾಲದೆ ಬರುತ್ತದೆ. ಹುರಿ ಮುಗಿದ ಕಡೆ ನೋಡಿದರೆ ನಾಲ್ಕನೇ ಲೇನಿನವನು ನಿಲ್ಲುವ ಬಿಳಿ ಗುರುತು ಅಲ್ಲೇ ಪಕ್ಕದಲ್ಲಿ! ಮೊದಲ ಸಲ ಸಿಕ್ಕಿದ ನೈಲಾನ್ ಹುರಿ ತಂದಿದ್ದೆ. ಎಳೆದ ಹಾಗೆಲ್ಲ ಹಿಗ್ಗಿತು, ಗುರುತಿಗೂ ಹುರಿಗೂ ಎರಡು ಮೂರು ಮೀಟರ್ ವ್ಯತ್ಯಾಸ ಬಂತು. ಅನುಮಾನಪಟ್ಟವರಿಗೆ ಅವತ್ತು ಹಬ್ಬ. ಹಿಗ್ಗದ ಹುರಿ ಯಾವುದು ಅಂತ ಹುಡುಕಲು ನನಗೆ ಮೂರು ಕೂಟ ಹಿಡಿಯಿತು, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ತಿರುವಿನಲ್ಲಿ ಎಡಗೆರೆ ತುಳಿದರೆ ಯಾಕೆ ತಪ್ಪು ಅನ್ನುವುದಕ್ಕೂ ಈ ಹುರಿಯೇ ಸಾಕು. ಒಳಗೆ ಸರಿದಷ್ಟೂ ದಾರಿ ಕಡಿಮೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಫೈನಲ್‌ನಲ್ಲಿ ಎರಡನೆಯವನಾಗಿ ಬಂದ ಚುರಾಂಡಿ ಮಾರ್ಟಿನಾ, ಮೂರನೆಯವನಾಗಿ ಬಂದ ವಾಲೇಸ್ ಸ್ಪಿಯರ್‌ಮನ್ ಇಬ್ಬರೂ ಇದಕ್ಕೇ ಪದಕ ಕಳೆದುಕೊಂಡರು. ಈಗ ನಿಯಮ ಸ್ವಲ್ಪ ಸಡಿಲ. ತಿರುವಿನಲ್ಲಿ ಗೆರೆಯನ್ನು ಒಂದು ಸಲ ಮುಟ್ಟಿದರೆ ಮನ್ನಿಸುತ್ತಾರೆ. ಗೆರೆ ದಾಟಿ ಒಳಗೆ ಕಾಲಿಟ್ಟರೆ ಮನ್ನಿಸುವುದಿಲ್ಲ.

ಹೀಟ್ಸ್, ಅಂದರೆ ಫೈನಲ್‌ಗೆ ಜನರನ್ನು ಆರಿಸುವ ಮೊದಲಿನ ಓಟಗಳು, ಅದನ್ನು ವಿವರಿಸುವುದೇ ಕಷ್ಟ. ಇದಕ್ಕೆ ಎರಡು ಕುರ್ಚಿ. ಮೂರು ಹೀಟ್ ಇವೆ, ಫೈನಲ್‌ಗೆ ಎಂಟು ಜನ ಬೇಕು ಅಂತಿಟ್ಟುಕೊಳ್ಳಿ. ಪ್ರತಿ ಹೀಟಿನಿಂದ ಮೊದಲ ಇಬ್ಬರು ನೇರ ಹೋಗುತ್ತಾರೆ, ಬೋರ್ಡಿನ ಮೇಲೆ ಅವರ ಮುಂದೆ Q. ಅಲ್ಲಿಗೆ ಆರು ಜನ. ಉಳಿದವರಲ್ಲಿ ಸಮಯ ಚೆನ್ನಾಗಿರುವ ಇಬ್ಬರು ಕುರ್ಚಿ ಮೇಲೆ ಕೂರುತ್ತಾರೆ, ಅವರ ಮುಂದೆ q. ಪ್ರೇಕ್ಷಕರಿಗೇ ಸಮಯ ಬರೆದ ಚೀಟಿ ಕೊಟ್ಟು ಓಟಗಾರರನ್ನಾಗಿ ಮಾಡುತ್ತೇನೆ. ಮೊದಲ ಹೀಟಿನಲ್ಲಿ ಎರಡನೆಯವನದು 10.60, ಅವನು ನೇರ ಪಾಸ್. ಮೂರನೆಯವನು 10.62, ನಾಲ್ಕನೆಯವನು 10.70, ಇಬ್ಬರೂ ಕುರ್ಚಿಯಲ್ಲಿ ಕೂತರು. ಎರಡನೇ ಹೀಟು ಬಲು ವೇಗ. ಅಲ್ಲಿ ಮೂರನೆಯವನು 10.48, ನಾಲ್ಕನೆಯವನು 10.50. ಕೂತಿದ್ದ ಇಬ್ಬರೂ ಎದ್ದು ಹೋಗಬೇಕು! ಮೂರನೇ ಹೀಟಿನಲ್ಲಿ ಮೂರನೆಯವನು 10.55 ಓಡಿ ಬಂದ, ಕುರ್ಚಿ ಖಾಲಿ ಇಲ್ಲ.

ಜಗಳ ಶುರುವಾಗುವುದು ಇಲ್ಲೇ. ‘ನಾನು 10.55, ಅವನು 10.60, ಅವನು ಹೇಗೆ ಒಳಗೆ?’ ಯಾಕೆಂದರೆ ಒಂದು ಹೀಟಿಗೆ ಎದುರುಗಾಳಿ ಬೀಸಿರಬಹುದು, ಇನ್ನೊಂದಕ್ಕೆ ಬೀಸದೇ ಇರಬಹುದು. ಪಕ್ಕದಲ್ಲಿ ಓಡಿದವರನ್ನು ಸೋಲಿಸಿದರೆ ಗಾಳಿಯ ಲೆಕ್ಕ ಬೇಡ, ಅದಕ್ಕೇ ಸ್ಥಾನಕ್ಕೆ ಮೊದಲ ಮರ್ಯಾದೆ. ಮೊದಲನೆಯವನು ಕೊನೆಯಲ್ಲಿ ವೇಗ ಇಳಿಸುವುದೂ ಅದಕ್ಕೇ. ಅವನಿಗೆ ಸಮಯ ಬೇಕಿಲ್ಲ, ಸ್ಥಾನ ಸಾಕು. ಸುಸ್ತಾಗಿದ್ದಾನೆ ಅಂತ ಮೊದಲು ಎಲ್ಲರೂ ಮರುಗುತ್ತಿದ್ದರು.

10.55ರ ಚೀಟಿಯನ್ನು ಯಾರಿಗೆ ಕೊಡಬೇಕು ಅನ್ನುವುದರಲ್ಲಿ ಒಂದು ಉಪಾಯ ಇದೆ, ಅದೂ ನನ್ನ ಹತ್ತಿರವೇ ಇರಲಿ. ಕಳೆದ ಕೂಟದಲ್ಲಿ ನಲವತ್ತು ಐವತ್ತು ಜನ ಹೀಗೆ ಆಡಿ ಹೋಗಿ ಕೂತರು. ನಿಜವಾದ ಎರಡನೇ ಹೀಟ್ ಮುಗಿದು ಬೋರ್ಡಿನಲ್ಲಿ ಸಮಯ ಬಂದಾಗ ನಾನು ಇನ್ನೂ ಮೈಕ್ ಎತ್ತಿರಲಿಲ್ಲ. ಆ ಕಡೆಯಿಂದ ಒಂದು ಹುಡುಗಿ ಕೂಗಿದಳು: ‘ಕುರ್ಚಿ ಬಿಡಿ, ಕುರ್ಚಿ ಬಿಡಿ!’