ಎಡಗೈಯಲ್ಲಿ ಕತ್ತಿಯೂ ಇರಲಿ, ಶೀಲ್ಡೂ ಇರಲಿ

ಎಲ್ಡೆನ್ ರಿಂಗ್ ವಿಡಿಯೋ ಗೇಮ್ ಬಂದಾಗ ನಮ್ಮ ಗುಂಪಿನಲ್ಲಿ ಎರಡು ಪಕ್ಷ ಆಗಿತ್ತು. ಒಂದು ಪಕ್ಷಕ್ಕೆ ಎರಡು ಕೈಯಲ್ಲೂ ಕತ್ತಿ ಬೇಕು, ಇನ್ನೊಂದಕ್ಕೆ ಶೀಲ್ಡ್ ಇಲ್ಲದೆ ನಿದ್ದೆ ಬರಲ್ಲ. ಎರಡನ್ನೂ ಒಟ್ಟಿಗೆ ಹೊತ್ತು ಜಗಳದ ಮಧ್ಯೆಯೇ ಬದಲಾಯಿಸಿಕೊಳ್ಳುತ್ತೇನೆ ಅಂದಾಗ ಎರಡೂ ಪಕ್ಷದವರು ನಕ್ಕರು. "ಮಗಾ, ನೀನು ಬಟನ್ ಹುಡುಕೋ ಹೊತ್ತಿಗೆ ಮಾರ್ಗಿಟ್ ನಿನ್ನ ಮುಗಿಸಿರ್ತಾನೆ" ಅಂದ ಒಬ್ಬ. ಮಾರ್ಗಿಟ್ ಅಂದರೆ ಶುರುವಿನಲ್ಲೇ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಬಾಸ್. ಮೊದಮೊದಲು ಆಗಿದ್ದೂ ಹಾಗೇ.

ಆಟದಲ್ಲಿ ನನ್ನ ಪಾತ್ರ ಸಮುರಾಯ್. ಉಚಿಗತಾನ ಅನ್ನೋ ಕತ್ತಿ ಒಂದು ಶುರುವಿನಿಂದಲೇ ಕೈಯಲ್ಲಿ ಇರುತ್ತದೆ, ಇನ್ನೊಂದು ಸ್ಟಾರ್ಮ್‌ಹಿಲ್‌ನ ಡೆತ್‌ಟಚ್ಡ್ ಕ್ಯಾಟಕಾಂಬ್ಸ್‌ನಲ್ಲಿ ಸಿಗುತ್ತದೆ. ಎರಡೂ ಸಿಕ್ಕ ದಿನ ರಾಜನ ಹಾಗೆ ಮಾರ್ಗಿಟ್ ಹತ್ತಿರ ಹೋದೆ. L1 ಒತ್ತಿದರೆ ಎರಡು ಕತ್ತಿಯೂ ಬೀಸುತ್ತವೆ, ಡ್ಯಾಮೇಜ್ ನೋಡೋಕೆ ಖುಷಿ. ಆದರೆ ಮೂರು ಸಲ ಬೀಸಿದರೆ ಸ್ಟ್ಯಾಮಿನಾ ತಳ ಕಂಡಿರುತ್ತದೆ. ಅದೇ ಹೊತ್ತಿಗೆ ಅವನು ಕೋಲು ಎತ್ತುತ್ತಾನೆ. ಎತ್ತಿ ಹಾಗೇ ನಿಲ್ಲಿಸುತ್ತಾನೆ, ಅಲ್ವಾ? ನಾನು ಬೇಗ ರೋಲ್ ಮಾಡಿ, ಎದ್ದು ನಿಲ್ಲುವಾಗ ಏಟು ತಿನ್ನುತ್ತಿದ್ದೆ. ಎರಡನೇ ರೋಲ್‌ಗೆ ಸ್ಟ್ಯಾಮಿನಾ ಇಲ್ಲ. ಹೀಗೆ ನಲವತ್ತು ಸಲವಾದರೂ ಸತ್ತಿದ್ದೇನೆ.

ಕತ್ತಿಯ ಬಲ ಹೆಚ್ಚಿಸುವ ಕಲ್ಲಿನ ವಿಷಯದಲ್ಲೂ ಮೂರ್ಖತನ ಮಾಡಿದೆ. ಒಂದು ಕತ್ತಿ +3 ಆಗೋಕೆ ಸ್ಮಿಥಿಂಗ್ ಸ್ಟೋನ್ ಹನ್ನೆರಡು ಬೇಕು. ಸಿಕ್ಕಿದ್ದನ್ನು ಎರಡಕ್ಕೂ ಸಮ ಹಂಚಿ ಎರಡನ್ನೂ ಅರ್ಧಂಬರ್ಧ ಮಾಡಿದೆ. ಆಟದ ದುಡ್ಡಾದ ರೂನ್ ಖಾಲಿ, ಕಲ್ಲೂ ಖಾಲಿ. ಇದರ ಮೇಲೆ ಪ್ಯಾಚಸ್ ಅನ್ನೋ ವ್ಯಾಪಾರಿ ಹತ್ತಿರ 5000 ರೂನ್ ಕೊಟ್ಟು, ಮಾರ್ಗಿಟ್‌ನನ್ನು ಕಟ್ಟಿಹಾಕುವ ಸಂಕೋಲೆಯನ್ನೂ ತಂದೆ. ಅವನು ಒಂದೆರಡು ಕ್ಷಣ ನೆಲಕ್ಕೆ ಅಂಟಿಕೊಂಡ, ನಾನು ಖುಷಿಯಲ್ಲಿ ಸ್ಟ್ಯಾಮಿನಾ ಪೂರ್ತಿ ಸುರಿದೆ, ಎದ್ದವನೇ ಕೊಂದ.

ಆಮೇಲೆ ಹೊಳೆದಿದ್ದು ಇದು. ಉಚಿಗತಾನದ ಪ್ರತಿ ಏಟೂ ಶತ್ರುವಿನಲ್ಲಿ ರಕ್ತಸ್ರಾವವನ್ನು 45 ತುಂಬಿಸುತ್ತದೆ, ಪೂರ್ತಿ ತುಂಬಿದರೆ ಒಮ್ಮೆಲೇ ದೊಡ್ಡ ಡ್ಯಾಮೇಜ್. +0 ಕತ್ತಿಗೂ ಅಷ್ಟೇ, ಕಲ್ಲು ಹಾಕಿದ ಕತ್ತಿಗೂ ಅಷ್ಟೇ. ಹಾಗಾದರೆ ಎಡಗೈ ಕತ್ತಿಗೆ ಕಲ್ಲು ಯಾಕೆ? ಅದು ರಕ್ತ ತುಂಬಿಸಿದರೆ ಸಾಕು. ಹೊಸ ಸಮುರಾಯ್ ಶುರು ಮಾಡಿದೆ. ಎಲ್ಲ ಕಲ್ಲೂ ಬಲಗೈ ಕತ್ತಿಗೆ ಹಾಕಿದೆ, ಎಡಗೈದು ಸುಮ್ನೆ +0 ಬಿಟ್ಟೆ.

ಉಳಿದಿದ್ದು ಶೀಲ್ಡ್. ಸಮುರಾಯ್ ಜೊತೆ ಬರುವ ಚಿಕ್ಕದು ಸೋರುತ್ತದೆ, ತಡೆದರೂ ನನ್ನ ಹೆಲ್ತ್ ಇಳಿಯುತ್ತದೆ. ಗೇಟ್‌ಫ್ರಂಟ್ ಅನ್ನೋ ಜಾಗದ ಸೈನಿಕರನ್ನು ಕೊಂದು ಕೊಂದು ಬ್ರಾಸ್ ಶೀಲ್ಡ್ ಬೀಳಿಸಿಕೊಂಡೆ. ಒಂದು ಸಂಜೆ ಪೂರ್ತಿ ಹೋಯಿತು. ಅದು ಮಾಮೂಲಿ ಏಟನ್ನು ನೂರಕ್ಕೆ ನೂರು ತಡೆಯುತ್ತದೆ, ಆದರೆ ಸ್ಟ್ರೆಂತ್ 16 ಕೇಳುತ್ತದೆ. ಎರಡು ಕತ್ತಿ ಮತ್ತು ಶೀಲ್ಡ್ ಸೇರಿ ತೂಕ ಹದಿನೆಂಟರ ಹತ್ತಿರ. ಭಾರ 70 ಪರ್ಸೆಂಟ್ ದಾಟಿ ರೋಲ್ ಮೂಟೆ ಉರುಳಿದ ಹಾಗಾಯಿತು. ಹೆಲ್ಮೆಟ್ಟು, ಬಿಲ್ಲು ಕಳಚಿಟ್ಟೆ, ಎಂಡ್ಯೂರೆನ್ಸ್‌ಗೆ ನಾಲ್ಕೈದು ಲೆವೆಲ್ ಹಾಕಿದೆ. ಅದರಿಂದ ಸ್ಟ್ಯಾಮಿನಾನೂ ಬಂತು.

ಈಗ ಜಗಳ. ಶೀಲ್ಡ್ ಹಿಡಿದು ಹತ್ತಿರ ಹೋಗುತ್ತೇನೆ. ಮಾರ್ಗಿಟ್ ಕೋಲು ಎತ್ತಿ ಎಷ್ಟು ಹೊತ್ತಾದರೂ ಕಾಯಲಿ, ಶೀಲ್ಡೂ ಕಾಯುತ್ತದೆ. ಏಟು ಶೀಲ್ಡ್ ಮೇಲೆ ಬಿದ್ದ ತಕ್ಷಣ R2, ಅಂದರೆ ತಡೆದ ಮೇಲಿನ ಎದುರೇಟು, ಗಾರ್ಡ್ ಕೌಂಟರ್. ಅದರಲ್ಲೂ ಬಲಗೈ ಕತ್ತಿ 45 ತುಂಬಿಸುವುದರಿಂದ, ಆ ಮೊದಲು ತುಂಬಿದ್ದು ಪೂರ್ತಿ ಇಳಿದುಹೋಗುವುದಿಲ್ಲ. ಏಟು ಇಲ್ಲದಾಗ ಶೀಲ್ಡ್ ಕೆಳಗಿಳಿಸಲೇಬೇಕು. ಎತ್ತಿಕೊಂಡೇ ಇದ್ದರೆ ಸ್ಟ್ಯಾಮಿನಾ ನಿಧಾನವಾಗಿ ತುಂಬುತ್ತದೆ, ನಾಲ್ಕನೇ ಏಟಿಗೆ ಗಾರ್ಡ್ ಒಡೆಯುತ್ತದೆ. ನನ್ನ ಅರ್ಧ ಸಾವು ಇದರಿಂದಲೇ.

ಅವನು ಹಿಂದಕ್ಕೆ ನೆಗೆದು ದೂರ ಹೋದಾಗ ಡಿ-ಪ್ಯಾಡ್ ಎಡಕ್ಕೆ ಒಂದು ಸಲ. ಶೀಲ್ಡ್ ಹೋಗಿ ಕತ್ತಿ ಬರುತ್ತದೆ. ಚಾಕು ಎಸೆದರೆ ಪಕ್ಕಕ್ಕೆ ರೋಲ್, ಓಡಿ, ನೆಗೆದು L1. ಒಂದೇ ನೆಗೆತಕ್ಕೆ ಎರಡು ಏಟು, 90. ಮೂರ್ನಾಲ್ಕು ಸಲ ಆದರೆ ರಕ್ತ ಚಿಮ್ಮುತ್ತದೆ, ಅವನ ಹೆಲ್ತ್ ಪಟ್ಟಿಯ ಒಂದು ದೊಡ್ಡ ತುಂಡು ಹೋಗುತ್ತದೆ. ಬಟನ್ ಯಾವ ಬೆರಳಲ್ಲಿ ಒತ್ತುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ಅದನ್ನು ಕಲಿಯೋಕೆ ಒಂದು ವಾರ ಹಿಡಿದಿದೆ. ಕಂಟ್ರೋಲರಿನ L1 ಸ್ಪ್ರಿಂಗೂ ಹೋಯಿತು, ರಿಪೇರಿಗೆ ಐನೂರು ರೂಪಾಯಿ.

ಅವನು ಬಂಗಾರದ ಸುತ್ತಿಗೆ ತೆಗೆದ ಮೇಲೆ ಶೀಲ್ಡ್ ನಂಬಬೇಡಿ. ಅದು ಹೋಲಿ ಡ್ಯಾಮೇಜ್, ಮಾಮೂಲಿ ಏಟಲ್ಲ, ಹಿತ್ತಾಳೆ ಶೀಲ್ಡ್ ಸರಿಯಾಗಿ ತಡೆಯಲ್ಲ. ಅಲ್ಲಿ ರೋಲ್ ಮಾತ್ರ. ಐದೋ ಆರೋ ಪ್ರಯತ್ನದಲ್ಲಿ ಬಿದ್ದ. ನಕ್ಕವನಿಗೆ ವಿಡಿಯೋ ಕಳಿಸಿದೆ, ಇವತ್ತಿಗೂ ಉತ್ತರ ಇಲ್ಲ.

ಮಧ್ಯೆ ಈಟಿಯನ್ನೂ ನೋಡಿದೆ. ಶೀಲ್ಡ್ ಎತ್ತಿಕೊಂಡೇ ಚುಚ್ಚಬಹುದು, ಸಾಯೋದು ಕಮ್ಮಿ. ಆದರೆ ರಕ್ತ ತುಂಬೋದಿಲ್ಲ, ಹತ್ತು ನಿಮಿಷ ಚುಚ್ಚುತ್ತಾ ಕೂತರೆ ನಿದ್ದೆ ಬರುತ್ತದೆ. ಬಿಟ್ಟೆ.

ಈ ತಂತ್ರ ಪೂರ್ತಿ ಕೈಕೊಟ್ಟಿದ್ದು ಮಲೇನಿಯಾ ಅನ್ನೋ ಇನ್ನೊಂದು ಬಾಸ್ ಹತ್ತಿರ. ಅವಳ ಏಟು ಶೀಲ್ಡಿಗೆ ಬಿದ್ದರೂ ಅವಳ ಹೆಲ್ತ್ ಪಟ್ಟಿ ತುಂಬುತ್ತದೆ. ನಾನು ತಡೆದಷ್ಟೂ ಅವಳಿಗೆ ಊಟ ಬಡಿಸಿದ ಹಾಗೆ. ಅಲ್ಲಿ ಶೀಲ್ಡ್ ತೆಗೆದಿಟ್ಟು, ಉಳಿದ ತೂಕಕ್ಕೆ ಹೆಲ್ಮೆಟ್ ಮತ್ತೆ ಹಾಕಿಕೊಂಡೆ.