ಮಾನ್ಯತೆ ಕೊಟ್ಟವರಿಗೆ ಮಾನ್ಯತೆ ಕೊಟ್ಟವರು ಯಾರು?

ನಕಲಿ ವಿಶ್ವವಿದ್ಯಾಲಯವನ್ನು ಪತ್ತೆ ಮಾಡಲು ಹೊರಟವರಲ್ಲಿ ಹೆಚ್ಚಿನವರು ಜಾಲತಾಣದ ಅಂದಚಂದ ನೋಡುತ್ತಾರೆ. ಕಾಗುಣಿತ ಸರಿಯಿದೆಯೇ, ಫೋನ್ ಮಾಡಿದರೆ ಎತ್ತುತ್ತಾರೆಯೇ, ಪ್ರಾಧ್ಯಾಪಕರ ಮುಖ ಕಾಣುತ್ತದೆಯೇ ಎಂದು. ಪದವಿ ಮಾರುವವರಿಗೆ ಇವೆಲ್ಲ ಗೊತ್ತು. ಕರಾಚಿಯ ಆಕ್ಸಾಕ್ಟ್ ಕಂಪನಿಯ ದಂಧೆಯನ್ನು 2015ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆದಾಗ ಕಂಡದ್ದು ಕಳಪೆ ಪುಟಗಳಲ್ಲ. ನೂರಾರು ಜಾಲತಾಣಗಳು, ದುಡ್ಡು ಪಡೆದು ಪ್ರಾಧ್ಯಾಪಕರಂತೆ ಮಾತಾಡಿದ ನಟರ ವಿಡಿಯೊಗಳು, ಜೊತೆಗೆ ಆ ‘ವಿಶ್ವವಿದ್ಯಾಲಯ’ಗಳಿಗೆ ಮಾನ್ಯತೆ ಕೊಡುವ ನಕಲಿ ಮಂಡಳಿಗಳೂ ಇದ್ದವು. ಜನ ಎಡವುವುದು ಈ ಕೊನೆಯ ಸರಕಿನಲ್ಲೇ. ಆದ್ದರಿಂದ ಪರಿಶೀಲನೆಯನ್ನು ಸಂಸ್ಥೆಯ ಪುಟದಿಂದ ಶುರು ಮಾಡಬೇಡಿ, ಸರ್ಕಾರಿ ಪಟ್ಟಿಯಿಂದ ಕೆಳಗಿಳಿದು ಬನ್ನಿ.

ಮೊದಲು: ಪೂರ್ತಿ ಹೆಸರು, ದೇಶ

ಸಂಸ್ಥೆಯ ಪೂರ್ಣ ಹೆಸರನ್ನು ಅಕ್ಷರ ತಪ್ಪದಂತೆ ಬರೆದುಕೊಳ್ಳಿ. ಯಾವ ದೇಶದ ಕಾನೂನಿನಡಿ ಪದವಿ ಕೊಡುತ್ತದೆ ಎಂದು ಹುಡುಕಿ. ‘ಜಾಗತಿಕ ವಿಶ್ವವಿದ್ಯಾಲಯ’ ಎಂದಷ್ಟೇ ಇದ್ದು ದೇಶದ ಸುಳಿವೇ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಕಂಪನಿ ನೋಂದಣಿ ಸಂಖ್ಯೆ ತೋರಿಸಿದರೆ ಮರುಳಾಗಬೇಡಿ. ಬಿಸ್ಕತ್ತು ಮಾರುವವರೂ ಕಂಪನಿ ನೋಂದಾಯಿಸುತ್ತಾರೆ, ಪದವಿ ಕೊಡುವ ಅಧಿಕಾರ ಅದರಿಂದ ಬರುವುದಿಲ್ಲ.

ಆಮೇಲೆ: ಆ ದೇಶದ ಪಟ್ಟಿ

ಬ್ರಿಟನ್ನಿನಲ್ಲಿ ಪದವಿ ಕೊಡುವ ಅಧಿಕಾರವಿರುವ ಸಂಸ್ಥೆಗಳ ಪಟ್ಟಿ gov.uk ತಾಣದಲ್ಲಿದೆ. ಅಮೆರಿಕದಲ್ಲಿ ಶಿಕ್ಷಣ ಇಲಾಖೆಯದ್ದು DAPIP ಎಂಬ ಪಟ್ಟಿ, ಜೊತೆಗೆ CHEA ಎಂಬ ಸ್ವತಂತ್ರ ಮಂಡಳಿಯದ್ದು ಇನ್ನೊಂದು. ಭಾರತದಲ್ಲಿ ಯುಜಿಸಿ ಪಟ್ಟಿ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ, ಆದರೆ ಅದರಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ಅಸಲಿ ಎಂದಲ್ಲ. ಸಿಕ್ಕಿಬಿದ್ದವರ ಹೆಸರಷ್ಟೇ ಅಲ್ಲಿರುವುದು. ಯಾವ ದೇಶದ ಪಟ್ಟಿ ಎಲ್ಲಿದೆ ಎಂದು ತಿಳಿಯದಿದ್ದರೆ ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ಸಂಘ ನಡೆಸುವ whed.net ನೋಡಿ. ಈ ವಿಳಾಸಗಳನ್ನು ನೀವೇ ಟೈಪ್ ಮಾಡಿ. ಸಂಸ್ಥೆಯ ಪುಟದಲ್ಲಿ ‘ಇಲ್ಲಿ ಪರಿಶೀಲಿಸಿ’ ಎಂದಿರುವ ಕೊಂಡಿಯನ್ನು ಒತ್ತಿದರೆ ಅವರು ಕಟ್ಟಿಟ್ಟ ಪಟ್ಟಿಗೇ ಹೋಗುತ್ತೀರಿ.

ಕಷ್ಟದ ಭಾಗ: ಮಾನ್ಯತೆಯ ಮುದ್ರೆ

ಒಂದು ತಾಣ ಹೀಗಿದೆ ಎಂದುಕೊಳ್ಳಿ. ‘1989ರಿಂದ ಸೇವೆಯಲ್ಲಿ’ ಎಂಬ ಸಾಲು, ಕೆಳಗೆ ಬಂಗಾರದ ಬಣ್ಣದ ಮುದ್ರೆ, ಅದರಲ್ಲಿ ‘ಅಂತರರಾಷ್ಟ್ರೀಯ’, ‘ಮಂಡಳಿ’, ‘ಗುಣಮಟ್ಟ’ ಎಂಬ ಮೂರೂ ಪದ ಇರುವ ಒಂದು ಹೆಸರು. ಮುದ್ರೆ ಒತ್ತಿದರೆ ಮಂಡಳಿಯ ಅಚ್ಚುಕಟ್ಟಾದ ತಾಣ ತೆರೆಯುತ್ತದೆ. ಮಾನ್ಯತೆ ಪಡೆದವರ ಪಟ್ಟಿಯಲ್ಲಿ ನಿಮ್ಮ ಸಂಸ್ಥೆಯ ಹೆಸರೂ ಇದೆ. ಹೆಚ್ಚಿನವರು ಇಲ್ಲಿಗೆ ‘ಸರಿಯಾಗಿದೆ’ ಎಂದು ನಿಲ್ಲಿಸುತ್ತಾರೆ. ಕೆಲಸ ಶುರುವಾಗಬೇಕಾದದ್ದೇ ಇಲ್ಲಿಂದ.

ಆ ಮಂಡಳಿಗೆ ಮಾನ್ಯತೆ ಕೊಡುವ ಅಧಿಕಾರ ಕೊಟ್ಟವರು ಯಾರು? ಅಮೆರಿಕದ ಸಂಸ್ಥೆ ಎನ್ನುತ್ತಿದ್ದರೆ ಶಿಕ್ಷಣ ಇಲಾಖೆ ಇಲ್ಲವೇ CHEA ಒಪ್ಪಿದ ಮಂಡಳಿಗಳ ಪಟ್ಟಿಯಲ್ಲಿ ಈ ಹೆಸರು ಇರಬೇಕು. ಒಂದೊಂದು ಪದವನ್ನೂ ಹೋಲಿಸಿ ನೋಡಿ. ಅಸಲಿ ಹೆಸರಿನ ಒಂದು ಪದ ಬದಲಿಸಿ, ಇಲ್ಲವೇ ಎರಡು ಪದ ಹಿಂದುಮುಂದಾಗಿಸಿ ಇಟ್ಟುಕೊಳ್ಳುವುದು ಇವರ ಹಳೆಯ ಚಾಳಿ.

ಇನ್ನು ಆ ಮಂಡಳಿಯ ಪಟ್ಟಿಯಲ್ಲಿರುವ ಉಳಿದ ಹೆಸರುಗಳನ್ನು ನೋಡಿ. ಒಂದೂ ಕೇಳಿದ್ದಲ್ಲವಾದರೆ ಅನುಮಾನ ಪಡಿ. ನಡುವೆ ಒಂದೆರಡು ಪ್ರಸಿದ್ಧ ವಿಶ್ವವಿದ್ಯಾಲಯಗಳಿದ್ದರೆ ಇನ್ನೂ ಹೆಚ್ಚು ಅನುಮಾನ ಪಡಿ, ಕೇಳದೆಯೇ ಸೇರಿಸಿರಬಹುದು. ಆ ಪ್ರಸಿದ್ಧ ವಿಶ್ವವಿದ್ಯಾಲಯದ ಸ್ವಂತ ತಾಣದಲ್ಲಿ ಮಾನ್ಯತೆಯ ಪುಟ ತೆರೆದರೆ ಈ ಮಂಡಳಿಯ ಹೆಸರು ಅಲ್ಲಿ ಇರುವುದಿಲ್ಲ.

ಕೊನೆಗೆ ಎರಡೂ ತಾಣಗಳ ವಿಳಾಸವನ್ನು lookup.icann.org ನಲ್ಲಿ ಹಾಕಿ, ನೋಂದಣಿಯ ದಿನಾಂಕ ನೋಡಿ. 1989ರ ವಿಶ್ವವಿದ್ಯಾಲಯದ ವಿಳಾಸ ಹುಟ್ಟಿ ಎಂಟು ತಿಂಗಳಾಗಿದ್ದು, ಮಾನ್ಯತೆ ಕೊಟ್ಟ ಮಂಡಳಿಯದೂ ಅದೇ ವಾರ ನೋಂದಣಿಯಾಗಿದ್ದರೆ ಎರಡೂ ಒಬ್ಬರ ಕೈಕೆಲಸ ಎಂದೇ ಎಣಿಸಿ. ಉಲ್ಟಾ ಮಾತ್ರ ನಿಜವಲ್ಲ: ಹಳೆಯ ವಿಳಾಸವನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಹಾಗಾಗಿ ಹಳೆಯ ದಿನಾಂಕ ಯಾವ ಭರವಸೆಯೂ ಅಲ್ಲ.

ಮುದ್ರೆಯ ಪಕ್ಕ ಇನ್ನೂ ಮೂರು ಅಲಂಕಾರಗಳು ಇರುವುದುಂಟು. ‘ಯುನೆಸ್ಕೊ ಮಾನ್ಯತೆ’ ಎಂದಿದ್ದರೆ ಅದು ಸುಳ್ಳು. ಯುನೆಸ್ಕೊ ಯಾವ ವಿಶ್ವವಿದ್ಯಾಲಯಕ್ಕೂ ಮಾನ್ಯತೆ ಕೊಡುವುದಿಲ್ಲ. ‘ಐಎಸ್‌ಒ 9001’ ಆಡಳಿತ ವ್ಯವಸ್ಥೆಗೆ ಸಿಗುವ ಸರ್ಟಿಫಿಕೇಟು, ಪಾಠದ ಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವುವುದು ಅಪೊಸ್ಟಿಲ್, ಅಂದರೆ ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಲೆಂದು ಸರ್ಕಾರ ಅಂಟಿಸುವ ದೃಢೀಕರಣ. ‘ಪದವಿಗೆ ಸರ್ಕಾರದ ಅಪೊಸ್ಟಿಲ್ ಮಾಡಿಸಿಕೊಡುತ್ತೇವೆ’ ಎಂದು ಹೆಚ್ಚುವರಿ ಶುಲ್ಕ ಕೇಳುತ್ತಾರೆ. 1961ರ ಹೇಗ್ ಒಪ್ಪಂದದ ಪ್ರಕಾರ ಅಪೊಸ್ಟಿಲ್ ದೃಢೀಕರಿಸುವುದು ಸಹಿ, ಸಹಿ ಹಾಕಿದವರ ಅಧಿಕಾರ ಮತ್ತು ಮೊಹರನ್ನು ಮಾತ್ರ. ಕಾಗದದಲ್ಲಿ ಬರೆದದ್ದು ನಿಜವೇ ಎಂಬುದನ್ನು ಅದು ನೋಡುವುದೇ ಇಲ್ಲ. ನೋಟರಿ ಸಹಿ ಹಾಕಿದ ನಕಲಿ ಪದವಿಗೂ ಅಸಲಿ ಅಪೊಸ್ಟಿಲ್ ಅಂಟಬಹುದು.

ವಿಳಾಸದ ಬಾಲವನ್ನೂ ಗಮನಿಸಿ. `.ac.uk` ಯಾರಿಗೆಂದರೆ ಅವರಿಗೆ ಸಿಗುವುದಿಲ್ಲ. ಬರೀ `.ac` ಮಾತ್ರ ಅಸೆನ್ಷನ್ ದ್ವೀಪದ ಡೊಮೈನ್, ಯಾರು ಬೇಕಾದರೂ ಕೊಳ್ಳಬಹುದು. `.university`, `.education` ಕೂಡ ಹಾಗೆಯೇ. `.edu` 2001ರಿಂದ ಬಿಗಿಯಾಗಿದೆ, ಆದರೆ ಅದಕ್ಕೂ ಮೊದಲು ಪಡೆದವರು ಹಾಗೇ ಉಳಿದುಕೊಂಡಿದ್ದಾರೆ.

ಅನುಭವಕ್ಕೆ ಪದವಿ

ಓದು, ಪರೀಕ್ಷೆ ಏನೂ ಇಲ್ಲದೆ ‘ನಿಮ್ಮ ಜೀವನಾನುಭವಕ್ಕೆ ಪೂರ್ತಿ ಪದವಿ’ ಎಂದರೆ ಮೇಲಿನ ಶ್ರಮವೇ ಬೇಡ. 2004ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ತನಿಖಾಧಿಕಾರಿಗಳು ಕಾಲ್ಬಿ ಎಂಬ ಬೆಕ್ಕಿನ ಹೆಸರಲ್ಲಿ 299 ಡಾಲರಿನ ಪದವಿಗೆ ಅರ್ಜಿ ಹಾಕಿದರು. ಅರ್ಜಿಯಲ್ಲಿನ ಅನುಭವ ನೋಡಿದ ‘ವಿಶ್ವವಿದ್ಯಾಲಯ’, ಇನ್ನೂ 100 ಡಾಲರ್ ಸೇರಿಸಿದರೆ ಎಂಬಿಎಗೇ ಅರ್ಹ ಎಂದಿತು. ಬೆಕ್ಕಿಗೆ ಎಂಬಿಎ ಬಂತು, ಅಂಕಪಟ್ಟಿಯೂ ಬಂತು.

ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟು

ಇದರಲ್ಲಿ ಮಾನ್ಯತೆಗಿಂತ ಪರಿಶೀಲನಾ ಕೊಂಡಿ ಮುಖ್ಯ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರುವ ವಿಳಾಸವನ್ನು ತೆರೆಯುವ ಮೊದಲು ಓದಿ. ಅದು ಕೋರ್ಸ್ ಕೊಟ್ಟವರ ಸ್ವಂತ ಡೊಮೈನ್ ಆಗಿರಬೇಕು, ಇಲ್ಲವೇ ಅವರ ತಾಣವೇ ಹೆಸರಿಸಿದ ಪರಿಶೀಲನಾ ಸೇವೆಯದ್ದಾಗಿರಬೇಕು. ಹೆಸರಿನ ನಡುವೆ ಅಡ್ಡಗೆರೆ ಸೇರಿಸಿ ‘ವೆರಿಫೈ’ ಎಂದು ಬಾಲ ಹಚ್ಚಿದ ಬೇರೊಂದು ತಾಣವಲ್ಲ. ಸಂಖ್ಯೆ ಹಾಕುವ ಪುಟವಿದ್ದರೆ ಕೊನೆಯ ಎರಡು ಅಂಕಿಗಳನ್ನು ಬೇಕೆಂದೇ ತಪ್ಪಾಗಿ ಹಾಕಿ. ಆಗಲೂ ಅದೇ ಹೆಸರು, ಅದೇ ಹಸಿರು ಟಿಕ್ ಬಂದರೆ ಆ ಪುಟ ಏನನ್ನೂ ಹುಡುಕುತ್ತಿಲ್ಲ, ಬರೀ ಚಿತ್ರ ತೋರಿಸುತ್ತಿದೆ. ಪಿಡಿಎಫ್‌ನ ಹೊಳಪನ್ನು ನೋಡಿ ತೀರ್ಮಾನಿಸುವವರಿಗೆ ಏನು ಹೇಳುವುದು!

ಹೆಸರು ಅಸಲಿ, ಕಾಗದ ನಕಲಿ

ಸಂಸ್ಥೆ ಪಟ್ಟಿಯಲ್ಲಿದ್ದರೂ ಕೈಯಲ್ಲಿರುವ ಕಾಗದ ಅಲ್ಲಿಂದಲೇ ಬಂದದ್ದು ಎಂದಾಗುವುದಿಲ್ಲ. ನೇಮಕ ಮಾಡಿಕೊಳ್ಳುವವರು ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆದು ಕುಲಸಚಿವರ ಕಚೇರಿಗೆ ಬರೆದು ಕೇಳಬೇಕು. ಅಂಕಪಟ್ಟಿಯ ಕೆಳಗೆ ಅಚ್ಚಾಗಿರುವ ಫೋನ್ ನಂಬರಿಗೆ ಕರೆ ಮಾಡಬೇಡಿ, ಪದವಿ ಮಾರುವವರು ‘ಹೌದು, ನಮ್ಮ ವಿದ್ಯಾರ್ಥಿಯೇ’ ಎನ್ನಲೆಂದೇ ಜನರನ್ನು ಕೂರಿಸಿರುತ್ತಾರೆ. ಸರ್ಕಾರಿ ಪಟ್ಟಿಯಿಂದ ವಿಶ್ವವಿದ್ಯಾಲಯದ ತಾಣಕ್ಕೆ ಹೋಗಿ, ಅಲ್ಲಿಂದ ವಿಳಾಸ ತೆಗೆದುಕೊಳ್ಳಿ. ಬ್ರಿಟನ್ನಿನ ಪದವಿಗಳಿಗೆ Hedd ಎಂಬ ಪರಿಶೀಲನಾ ಸೇವೆಯೇ ಇದೆ.

ಪಟ್ಟಿಯಲ್ಲಿಲ್ಲದ್ದೆಲ್ಲ ಮೋಸವೂ ಅಲ್ಲ. ಪದವಿ ಎಂದು ಹೇಳಿಕೊಳ್ಳದ ತರಬೇತಿಗೆ ಇಂಥ ಮಾನ್ಯತೆ ಬೇಕಾಗಿಯೇ ಇಲ್ಲ. ಬೆಲೆ ಇದೆಯೋ ಇಲ್ಲವೋ ಎಂಬುದು ಕೆಲಸ ಕೊಡುವವರಿಗೆ ಬಿಟ್ಟದ್ದು. ಹಾಗಾಗಿ ಶುಲ್ಕ ಕಟ್ಟುವ ಮೊದಲೇ ನೀವು ಸೇರಬಯಸುವ ಎರಡು ಮೂರು ಕಂಪನಿಗಳ ಎಚ್‌ಆರ್‌ ವಿಭಾಗಕ್ಕೆ ಮೇಲ್ ಕಳಿಸಿ. ಸಂಸ್ಥೆಯ ಪೂರ್ಣ ಹೆಸರು, ದೇಶ, ಕೋರ್ಸಿನ ಹೆಸರು, ಮಾನ್ಯತೆ ಕೊಟ್ಟವರ ಹೆಸರು ಬರೆದು, ‘ಇಂಥ ಹುದ್ದೆಗೆ ಇದನ್ನು ವಿದ್ಯಾರ್ಹತೆಯಾಗಿ ಪರಿಗಣಿಸುತ್ತೀರಾ?’ ಎಂದು ಕೇಳಿ. ‘ಇದು ಒಳ್ಳೆಯ ಕೋರ್ಸೇ?’ ಎಂದು ಕೇಳಿದರೆ ‘ಕಲಿಯುವುದು ಯಾವಾಗಲೂ ಒಳ್ಳೆಯದೇ’ ಎಂಬ ಉತ್ತರ ಬರುತ್ತದೆ, ಅದರಿಂದ ನಿಮಗೇನೂ ಉಪಯೋಗವಿಲ್ಲ.